ಫಲಿತಾಂಶದ ದಿನದ ವಿಡಿಯೊದಲ್ಲಿ ಧೈರ್ಯಕ್ಕಿಂತ ಮೊದಲು ತಾರೀಖು ಇರಲಿ

2025ರ ಮೇ 2ರಂದು ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರ ಫಲಿತಾಂಶ ಬಂತು. ಪ್ರತಿ ವರ್ಷ ಇಂಥ ದಿನ ಮಧ್ಯಾಹ್ನದ ಹೊತ್ತಿಗೆ karresults.nic.in ತೆರೆದುಕೊಂಡರೆ, ಸಂಜೆಯೊಳಗೆ ಕನ್ನಡದ ಯೂಟ್ಯೂಬ್ ತುಂಬ ಒಂದೇ ಬಗೆಯ ವಿಡಿಯೊಗಳು ತುಂಬಿಕೊಳ್ಳುತ್ತವೆ. ಅಂಕವೇ ಜೀವನವಲ್ಲ, ಸೋಲೇ ಗೆಲುವಿನ ಮೆಟ್ಟಿಲು, ಐನ್‌ಸ್ಟೈನ್ ಕೂಡ ಗಣಿತದಲ್ಲಿ ಫೇಲ್ ಆಗಿದ್ದರು ಎಂಬ ಮಾತುಗಳು ಅವುಗಳಲ್ಲಿರುತ್ತವೆ. ಐನ್‌ಸ್ಟೈನ್ ಗಣಿತದಲ್ಲಿ ಫೇಲ್ ಆಗಿರಲಿಲ್ಲ. ಹದಿನೈದು ತುಂಬುವಷ್ಟರಲ್ಲಿ ಕಲನಶಾಸ್ತ್ರ ಕಲಿತಿದ್ದ ಹುಡುಗ ಅವರು. ಆ ಕತೆ ನಿಜವೇ ಆಗಿದ್ದರೂ ಪಿರಿಯಾಪಟ್ಟಣದ ಕಡೆಯ ಒಂದು ಹಳ್ಳಿಯಲ್ಲಿ ಗಣಿತಕ್ಕೆ 24 ಅಂಕ ತೆಗೆದುಕೊಂಡು ಕೂತಿರುವ ಹುಡುಗನಿಗೆ ಅದರಿಂದ ಆಗುವ ಪ್ರಯೋಜನ ಏನೂ ಇಲ್ಲ. ಅವನಿಗೆ ಗೊತ್ತಾಗಬೇಕಿರುವುದು ಬೇರೆಯೇ. ಎಷ್ಟು ಅಂಕ ಕಡಿಮೆ ಬಿತ್ತು, ಮುಂದಿನ ಪರೀಕ್ಷೆ ಯಾವತ್ತು, ಅರ್ಜಿ ಯಾರ ಕೈಗೆ ಕೊಡಬೇಕು, ಅಷ್ಟರೊಳಗೆ ಏನನ್ನು ಓದಬೇಕು, ಇವು ತಿಳಿಯಬೇಕು. ಫಲಿತಾಂಶದ ದಿನದ ವಿಡಿಯೊ ಎಂಬುದೊಂದು ಬೇಕೇಬೇಕು ಎಂದಾದರೆ ಅದು ಧೈರ್ಯ ಹೇಳುವ ಮೊದಲು ತಾರೀಖು ಹೇಳಬೇಕು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಂಥ ತಾಲ್ಲೂಕುಗಳಲ್ಲಿ ಆ ತಾರೀಖುಗಳು ಇನ್ನೊಂದು ಪಂಚಾಂಗಕ್ಕೆ ಡಿಕ್ಕಿ ಹೊಡೆಯುತ್ತವೆ ಎಂಬುದನ್ನೂ ಅದು ಹೇಳಬೇಕು. ಆ ಪಂಚಾಂಗ ಹೊಗೆಸೊಪ್ಪಿನದು.

ಮೊದಲು ಫಲಿತಾಂಶ ಎಂದರೇನು ಎಂಬುದನ್ನೇ ನೋಡೋಣ. 2023ರಲ್ಲಿ ರಾಜ್ಯದ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ 83.89 ಇತ್ತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಫಲಿತಾಂಶ ನೆಲಕಚ್ಚುವ ಸೂಚನೆ ಸಿಕ್ಕಿ, ಶೇ 10ರಷ್ಟಿದ್ದ ಕೃಪಾಂಕವನ್ನು ಶೇ 20ಕ್ಕೆ ಏರಿಸಿದರು. ಆದರೂ ಬಂದದ್ದು ಶೇ 73.40. 2025ರಲ್ಲಿ ಆ ಕೃಪಾಂಕ ಇರಲಿಲ್ಲ, ಫಲಿತಾಂಶ ಶೇ 66.14ಕ್ಕೆ ಇಳಿಯಿತು. ಆಮೇಲೆ ಪಾಸಿನ ಗೆರೆಯೇ ಸರಿಯಿತು. 2025-26ನೇ ಸಾಲಿನಿಂದ 625ಕ್ಕೆ 206 ಅಂಕ, ಅಂದರೆ ಒಟ್ಟು ಶೇ 33, ಮತ್ತು ಪ್ರತಿ ವಿಷಯಕ್ಕೂ ಕನಿಷ್ಠ ಶೇ 30 ಬಂದರೆ ಪಾಸು. ಮೊದಲು ಒಟ್ಟು ಶೇ 35, ಅಂದರೆ 219 ಬೇಕಿತ್ತು. ಒಬ್ಬನೇ ಹುಡುಗ ಅವೇ ಉತ್ತರಗಳನ್ನು ಈ ಮೂರು ನಾಲ್ಕು ವರ್ಷಗಳಲ್ಲಿ ಬರೆದಿದ್ದರೆ ಒಂದು ವರ್ಷ ಪಾಸು, ಇನ್ನೊಂದು ವರ್ಷ ಫೇಲು ಆಗುವ ಸಂಭವವಿತ್ತು. ಪಾಸು-ಫೇಲು ಎಂಬ ಷರಾದಲ್ಲಿ ಸ್ವಲ್ಪ ಪಾಲು ಮಗುವಿನದು, ಸ್ವಲ್ಪ ಪಾಲು ಆ ವರ್ಷದ ಸುತ್ತೋಲೆಯದು. ಇದನ್ನು ಮಗುವಿಗೂ ಅದರ ತಂದೆಗೂ ಬಿಡಿಸಿ ಹೇಳುವುದೇ ನಿಜವಾದ ಸಮಾಧಾನ. ಹಾಗೆಂದು ಅಂಕಕ್ಕೆ ಅರ್ಥವೇ ಇಲ್ಲ ಎನ್ನುವಂತಿಲ್ಲ. ಕ್ಯಾಮೆರಾ ಬಂದೊಡನೆ ಫಲಿತಾಂಶ ಕುಸಿದದ್ದು ಅದಕ್ಕೂ ಮುಂಚಿನ ಫಲಿತಾಂಶದ ಬಗ್ಗೆ ಬಹಳಷ್ಟು ಹೇಳುತ್ತದೆ. ಗಣಿತದ ಪತ್ರಿಕೆಯಲ್ಲಿ 80ಕ್ಕೆ ಏಳು ತೆಗೆದವನಿಗೆ ಗಣಿತ ಬರುವುದಿಲ್ಲ ಎಂಬುದು ಯಾವ ಸುತ್ತೋಲೆಯಿಂದಲೂ ಬದಲಾಗದ ಸಂಗತಿ. ಈ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲವರು ಮಾತ್ರ ಕ್ಯಾಮೆರಾ ಮುಂದೆ ಕೂರಬೇಕು.

ಒಂದು ಅಂಕಪಟ್ಟಿಯನ್ನು ಎದುರಿಗಿಟ್ಟುಕೊಂಡರೆ ಮಾತು ಸ್ಪಷ್ಟವಾಗುತ್ತದೆ. ಪ್ರಥಮ ಭಾಷೆ ಕನ್ನಡ 125ಕ್ಕೆ 62, ಇಂಗ್ಲಿಷ್ 34, ಹಿಂದಿ 48, ಗಣಿತ 24, ವಿಜ್ಞಾನ 33, ಸಮಾಜ ವಿಜ್ಞಾನ 41 ಎಂದಿಟ್ಟುಕೊಳ್ಳೋಣ. ಒಟ್ಟು 242. ಒಟ್ಟು ಅಂಕದ ಗೆರೆಯನ್ನು ಹುಡುಗ 36 ಅಂಕಗಳಿಂದ ದಾಟಿದ್ದಾನೆ. ಐದು ವಿಷಯಗಳಲ್ಲಿ ಪಾಸಾಗಿದ್ದಾನೆ. ಆದರೆ ಪರದೆಯ ಮೇಲೆ ಅವನ ಕಣ್ಣಿಗೆ ಬೀಳುವುದು ಕೊನೆಯ ಷರಾ ಒಂದೇ, ಊರಿನ ಬಾಯಿಗೆ ಸಿಗುವುದೂ ಅದೊಂದೇ. ಗಣಿತದ ಆ 24ನ್ನು ಬಿಡಿಸಿ ನೋಡಿದರೆ ಅದರಲ್ಲಿ 17 ಶಾಲೆಯವರು ಕೊಟ್ಟ ಆಂತರಿಕ ಅಂಕ, ಲಿಖಿತ ಪರೀಕ್ಷೆಯದು ಏಳೇ ಏಳು. ಅವನ ನಿಜವಾದ ಸಮಸ್ಯೆ ಇರುವುದು ಇಲ್ಲಿ. ಆರು ಅಂಕದಲ್ಲಿ ಹೋಯಿತು ಎಂದು ಮನೆಯವರು ಅಂದುಕೊಂಡರೆ ತಪ್ಪು ಲೆಕ್ಕ, ಏನೂ ಬರುವುದಿಲ್ಲ ಇವನಿಗೆ ಎಂದು ಅಂದುಕೊಂಡರೂ ತಪ್ಪು ಲೆಕ್ಕ. ಒಂದೇ ಪತ್ರಿಕೆ ಬರೆಯಬೇಕು, ಅದರಲ್ಲಿ ಲಿಖಿತಕ್ಕೆ 28ರಷ್ಟು ಬರುವಂತೆ ನೋಡಿಕೊಂಡರೆ ಯಾವ ಲೆಕ್ಕದಲ್ಲೂ ಪಾರಾಗುತ್ತಾನೆ. ಉಳಿದ ಐದು ವಿಷಯಗಳ ಅಂಕ ಅವನ ಹೆಸರಿನಲ್ಲಿ ಜಮೆಯಾಗಿಯೇ ಇರುತ್ತದೆ.

ಈಗ ತಾರೀಖಿಗೆ ಬರೋಣ. 2024ರಿಂದ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಮೂರು ಪರೀಕ್ಷೆ. ಪೂರಕ ಪರೀಕ್ಷೆ ಎಂಬ ಹೆಸರೇ ಹೋಯಿತು. ಪರೀಕ್ಷೆ-1, 2, 3 ಎಂದಷ್ಟೇ ಕರೆಯುತ್ತಾರೆ, ಮೂರರಲ್ಲಿ ಯಾವುದರಲ್ಲಿ ಹೆಚ್ಚು ಬಂದಿದೆಯೋ ಆ ಅಂಕ ಉಳಿಯುತ್ತದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. 2025ರಲ್ಲಿ ಮೇ 2ಕ್ಕೆ ಫಲಿತಾಂಶ, ಮೇ 26ಕ್ಕೆ ಪರೀಕ್ಷೆ-2 ಶುರು. ನಡುವೆ ಸಿಕ್ಕಿದ್ದು 24 ದಿನ. ಅದರಲ್ಲೂ ಮೊದಲ ವಾರದಲ್ಲೇ ಶಾಲೆಗೆ ಹೋಗಿ ಮುಖ್ಯ ಶಿಕ್ಷಕರ ಮೂಲಕ ನೋಂದಣಿ ಮಾಡಿಸಬೇಕು, ಏಕೆಂದರೆ ಅರ್ಜಿ ಹೋಗುವುದು ಶಾಲೆಯ ಲಾಗಿನ್‌ನಿಂದ. ಆಗ ಬೇಸಿಗೆ ರಜೆ. ಶಾಲೆಯ ಗೇಟಿಗೆ ಬೀಗ, ಮೇಷ್ಟ್ರು ತಮ್ಮ ಊರಿನಲ್ಲಿ. 2024ರಲ್ಲಿ ರಜೆಯಲ್ಲೇ ವಿಶೇಷ ತರಗತಿ ನಡೆಸಿ ಎಂದಾಗ ಶಿಕ್ಷಕರು ಆಕ್ಷೇಪಿಸಿದ್ದು, ಪರೀಕ್ಷೆ-2 ಜೂನ್ 14ಕ್ಕೆ ಮುಂದೆ ಹೋದದ್ದು ನೆನಪಿರಬಹುದು. ಶಿಕ್ಷಕರ ರಜೆಯ ಹಕ್ಕಿನ ವಿಚಾರ ಏನೇ ಇರಲಿ, ಮಗುವಿನ ಕಡೆಯಿಂದ ನೋಡಿದರೆ ತನ್ನನ್ನು ಕೇಳುವವರು ಶಾಲೆಯಲ್ಲಿ ಯಾರೂ ಇಲ್ಲದ ವಾರದಲ್ಲೇ ಅದರ ಒಂದು ವರ್ಷ ತೀರ್ಮಾನವಾಗುತ್ತದೆ. ಬಹಳ ಮಕ್ಕಳು ಪರೀಕ್ಷೆ-2 ತಪ್ಪಿಸಿಕೊಳ್ಳುವುದು ಓದಿ ಸೋತು ಅಲ್ಲ, ಅರ್ಜಿ ಹಾಕದೆ.

ಹೊಗೆಸೊಪ್ಪಿನ ಪಂಚಾಂಗ ಇಲ್ಲೇ ಅಡ್ಡ ಬರುವುದು. ಮಾರ್ಚ್-ಏಪ್ರಿಲ್‌ನಲ್ಲಿ ಸಸಿಮಡಿ ಹಾಕಿ, ಮುಂಗಾರು ಪೂರ್ವದ ಮಳೆ ಬಿದ್ದೊಡನೆ ಮೇ-ಜೂನ್‌ನಲ್ಲಿ ವರ್ಜೀನಿಯಾ ಹೊಗೆಸೊಪ್ಪನ್ನು ನಾಟಿ ಮಾಡುತ್ತಾರೆ. ಸಸಿ ಕೀಳಲು, ನಾಟಿ ಮಾಡಲು, ಗೊಬ್ಬರ ಕೊಡಲು ಮನೆಯ ಅಷ್ಟೂ ಕೈ ಬೇಕು. ಕೂಲಿ ಆಳು ಸಿಗುವುದೇ ಕಷ್ಟವಾದ ಆ ದಿನಗಳಲ್ಲಿ ಫೇಲಾದ ಮಗ ಎಂದರೆ ಪುಕ್ಕಟೆ ಸಿಕ್ಕ ಆಳು. ಪರೀಕ್ಷೆ-2 ನಾಟಿಯ ನಡುವೆ ಬರುತ್ತದೆ. ಅದು ತಪ್ಪಿ ಪರೀಕ್ಷೆ-3ಕ್ಕೆ ನೋಡೋಣ ಎಂದರೆ ಜುಲೈ ಬರುತ್ತದೆ, ಅಷ್ಟರಲ್ಲಿ ಗಿಡ ಬೆಳೆದು ಕೆಳಗಿನ ಎಲೆ ಮುರಿಯುವ ಕೆಲಸ, ಸೊಪ್ಪನ್ನು ಕಡ್ಡಿಗೆ ಕಟ್ಟುವ ಕೆಲಸ, ಬ್ಯಾರನ್‌ಗೆ ಏರಿಸಿ ಹಗಲೂ ರಾತ್ರಿ ಬೆಂಕಿ ಕಾಯುವ ಕೆಲಸ ಶುರುವಾಗಿರುತ್ತದೆ. ಹರಾಜು ಶುರುವಾಗಿ ಕೈಗೆ ಕಾಸು ಬರುವ ಹೊತ್ತಿಗೆ ಸಹಪಾಠಿಗಳು ಪಿಯುಸಿಯ ಅರ್ಧ ವರ್ಷ ಮುಗಿಸಿರುತ್ತಾರೆ. ಮುಂದಿನ ಮಾರ್ಚ್‌ಗೆ ಬರೆಯುತ್ತೇನೆ ಎಂದವನು ಮುಂದಿನ ಮಾರ್ಚ್‌ಗೆ ಸಸಿಮಡಿಗೆ ನೀರು ಹಾಕುತ್ತಿರುತ್ತಾನೆ. ಹುಡುಗನನ್ನು ಶಾಲೆ ಬಿಡಿಸಿದವರು ಯಾರು ಎಂದು ಕೇಳಿದರೆ ಯಾರ ಹೆಸರನ್ನೂ ಹೇಳಲಾಗದು. ಯಾರೂ ಅಂಥ ತೀರ್ಮಾನ ಕೈಗೊಂಡಿರುವುದಿಲ್ಲ, ಕೆಲಸಕ್ಕೆ ಕೆಲಸ ಬೆಸೆದುಕೊಂಡು ವರ್ಷ ಉರುಳಿರುತ್ತದೆ, ಅಷ್ಟೆ. ಕೆ.ಆರ್. ನಗರದ ನಾಲೆ ಬಯಲಿನಲ್ಲಿ ಬೆಳೆ ಭತ್ತವಾದ್ದರಿಂದ ಒತ್ತಡದ ತಿಂಗಳು ಸ್ವಲ್ಪ ಮುಂದಕ್ಕೆ ಸರಿಯುತ್ತದೆ, ಪರೀಕ್ಷೆ-2ಕ್ಕೆ ಸ್ವಲ್ಪ ಉಸಿರಾಡುವ ಜಾಗ ಸಿಗುತ್ತದೆ. ಬೆಂಗಳೂರಿನ ಸ್ಟುಡಿಯೊದಲ್ಲಿ ಕೂತು ಮಾಡುವ ವಿಡಿಯೊಗೆ ಈ ವ್ಯತ್ಯಾಸ ಕಾಣಿಸುವುದಿಲ್ಲ. ಹುಣಸೂರಿನ ಪ್ರೌಢಶಾಲೆಯ ಮೇಷ್ಟ್ರಿಗೆ ಕಾಣಿಸುತ್ತದೆ.

ಇದಕ್ಕೊಂದು ಆಕ್ಷೇಪ ರೈತರಿಂದಲೇ ಬರುತ್ತದೆ, ಅದನ್ನು ಲಘುವಾಗಿ ತಳ್ಳುವಂತಿಲ್ಲ. ಓದಿ ಪಾಸಾದವರಿಗೆ ಏನು ಸಿಕ್ಕಿದೆ, ಹೊಲ ಮಾಡಿದರೆ ವರ್ಷಕ್ಕೆ ಇಷ್ಟು ಅಂತ ದುಡ್ಡಾದರೂ ಕಾಣುತ್ತದೆ ಎಂಬುದು ಅವರ ಮಾತು. ಹೊಗೆಸೊಪ್ಪಿನ ದುಡ್ಡು ನಿಜ. ಆದರೆ ಪ್ರತಿ ಬ್ಯಾರನ್‌ಗೂ ಲೈಸೆನ್ಸ್ ಇದೆ, ಎಷ್ಟು ಬೆಳೆಯಬೇಕೆಂಬ ಮಿತಿಯನ್ನು ತಂಬಾಕು ಮಂಡಳಿ ಪ್ರತಿ ವರ್ಷ ನಿಗದಿ ಮಾಡುತ್ತದೆ, ಮೂವರು ಗಂಡುಮಕ್ಕಳಿರುವ ಮನೆಗೂ ಬ್ಯಾರನ್ ಒಂದೇ. ಅಪ್ಪನ ಕಸುಬು ಅಷ್ಟೂ ಮಕ್ಕಳಿಗೆ ಹಂಚಿಕೆಯಾಗುವಂಥದ್ದಲ್ಲ. ಹತ್ತನೇ ತರಗತಿ ಪಾಸು ಎಂಬ ಕಾಗದ ದೊಡ್ಡ ನೌಕರಿ ಕೊಡುವುದಿಲ್ಲ ಎಂಬುದನ್ನು ಒಪ್ಪಬೇಕು. ಅದರ ಉಪಯೋಗ ಬೇರೆ. ಐಟಿಐನಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಸೇರಲು ಅದು ಬೇಕು, ಪಾಲಿಟೆಕ್ನಿಕ್‌ಗೆ ಬೇಕು, ಇಪ್ಪತ್ತೈದನೇ ವಯಸ್ಸಿಗೆ ಯಾವುದೋ ನೇಮಕಾತಿಯ ಅರ್ಜಿ ತುಂಬುವಾಗ ಬೇಕು. ನಾಟಿಯ ಕೆಲಸವನ್ನು ಬಿಟ್ಟೇಬಿಡು ಎಂದು ಆ ಮನೆಗೆ ಹೇಳುವುದು ವ್ಯರ್ಥ. ಬೆಳಿಗ್ಗೆ ಎರಡು ಗಂಟೆ, ರಾತ್ರಿ ಎರಡು ಗಂಟೆ, ಪರೀಕ್ಷೆಯ ಮುಂಚಿನ ಐದು ದಿನ ಪೂರ್ತಿ, ಇಷ್ಟನ್ನು ಕೇಳಿದರೆ ಹೆಚ್ಚಿನ ತಂದೆಯರು ಒಪ್ಪುತ್ತಾರೆ. ವಿಡಿಯೊದ ಈ ಭಾಗವನ್ನು ಮಗುವಿಗಿಂತ ಅಪ್ಪನ ಮುಖ ನೋಡಿ ಹೇಳಬೇಕು.

ಆ ನಾಲ್ಕು ಗಂಟೆಯಲ್ಲಿ ಏನನ್ನು ಓದುವುದು? ಗಣಿತದ ಪ್ರಶ್ನೆಪತ್ರಿಕೆಯ ರಚನೆ ಇಲ್ಲಿ ನೆರವಿಗೆ ಬರುತ್ತದೆ. 38 ಪ್ರಶ್ನೆ, 80 ಅಂಕ. ಎಂಟು ಬಹು ಆಯ್ಕೆಯವು ಮತ್ತು ಎಂಟು ಕಿರು ಉತ್ತರದವು ಒಂದೊಂದು ಅಂಕಕ್ಕೆ, ಎಂಟು ಪ್ರಶ್ನೆ ಎರಡೆರಡು ಅಂಕಕ್ಕೆ, ಒಂಬತ್ತು ಮೂರು ಅಂಕಕ್ಕೆ, ನಾಲ್ಕು ನಾಲ್ಕು ಅಂಕಕ್ಕೆ, ಒಂದು ಐದಕ್ಕೆ. ಹುಡುಗ ಪುಸ್ತಕವನ್ನೆಲ್ಲ ಮುಗಿಸಬೇಕಿಲ್ಲ. ಎರಡು ರೇಖಾತ್ಮಕ ಸಮೀಕರಣಗಳನ್ನು ನಕ್ಷೆ ಬರೆದು ಬಿಡಿಸುವುದು ಬಂದರೆ ನಾಲ್ಕು ಅಂಕ. ಹೊರಗಿನ ಒಂದು ಬಿಂದುವಿನಿಂದ ವೃತ್ತಕ್ಕೆ ಎಳೆದ ಸ್ಪರ್ಶಕಗಳು ಸಮ ಎಂಬ ಪ್ರಮೇಯದ ಸಾಧನೆ ಮೂರು, ಸಂಖ್ಯಾಶಾಸ್ತ್ರದಲ್ಲಿ ಸರಾಸರಿ ಇಲ್ಲವೇ ಬಹುಲಕ ಕಂಡುಹಿಡಿಯುವುದು ಮೂರು. ಸಮಾಂತರ ಶ್ರೇಢಿಯ ಸೂತ್ರ, ವರ್ಜಿಸುವ ವಿಧಾನ, ವರ್ಗ ಸಮೀಕರಣದ ಸೂತ್ರ, ದೂರ ಸೂತ್ರ, ಸಂಭವನೀಯತೆ, ಈ ಐದರಿಂದ ಎರಡೆರಡರಂತೆ ಹತ್ತು. ಇಲ್ಲಿಗೆ 20 ಆಯಿತು. ಒಂದು ಅಂಕದ ಹದಿನಾರರಲ್ಲಿ ಅರ್ಧ ಸರಿಯಾದರೆ 28. ಮೇಷ್ಟ್ರುಗಳು ಇದನ್ನೇ ಪಾಸಿಂಗ್ ಪ್ಯಾಕೇಜ್ ಎನ್ನುವುದು. ಒಂದೆರಡು ಕಡೆ ತಪ್ಪುತ್ತದೆ ಎಂದಿಟ್ಟುಕೊಂಡು ಇನ್ನೊಂದು ಅಧ್ಯಾಯವನ್ನು ಜೇಬಿನಲ್ಲಿಟ್ಟುಕೊಂಡಿರಬೇಕು, ಏಕೆಂದರೆ ಪ್ರತಿ ಪತ್ರಿಕೆಯೂ ಇದೇ ಅಳತೆಗೆ ಬರುತ್ತದೆ ಎಂಬ ಖಾತ್ರಿಯಿಲ್ಲ.

ಇದು ಕಲಿಕೆಯಲ್ಲ, ಪಾಸಾಗುವ ತಂತ್ರ ಎಂದು ಹೇಳುವವರಿದ್ದಾರೆ. ಮೂರು ಮೂರು ಅವಕಾಶ ಕೊಟ್ಟು, ಗೆರೆಯನ್ನೂ ಇಳಿಸಿದರೆ ಮಕ್ಕಳು ಓದುವುದಾದರೂ ಏಕೆ ಎಂಬ ಪ್ರಶ್ನೆಯೂ ಜೊತೆಗಿದೆ. ಮೊದಲ ಮಾತು ಅರ್ಧ ನಿಜ. 24 ದಿನದಲ್ಲಿ ಮೂರು ವರ್ಷದ ಗಣಿತ ಬರುವುದಿಲ್ಲ. ಆದರೆ ನಕ್ಷೆಯ ಮೇಲೆ ಎರಡು ಗೆರೆ ಎಳೆದು ಅವು ಎಲ್ಲಿ ಕೂಡುತ್ತವೆ ಎಂದು ಹುಡುಕುವುದನ್ನು ಮೊದಲ ಸಲ ಸರಿಯಾಗಿ ಮಾಡಿದವನಿಗೆ ಅದು ಕಲಿಕೆಯೇ. ಎಂಟನೇ ತರಗತಿಯಿಂದ ಕಳೆದುಹೋದ ಎಳೆ ಅಲ್ಲೆಲ್ಲೋ ಕೈಗೆ ಸಿಕ್ಕಿರುತ್ತದೆ. ಎರಡನೆಯ ಮಾತಿಗೆ ಉತ್ತರ ಹೊಲದಲ್ಲಿದೆ. ಮೂರು ಪರೀಕ್ಷೆ ಇದೆ ಎಂದು ಮೈಮರೆಯುವಷ್ಟು ವಿರಾಮ ಈ ತಾಲ್ಲೂಕುಗಳ ಮಗುವಿಗೆ ಇಲ್ಲ. ಕಾಗದದ ಮೇಲೆ ಮೂರು ಬಾಗಿಲಿದ್ದರೂ ಅದಕ್ಕೆ ನಿಜವಾಗಿ ತೆರೆದಿರುವುದು ಮೇ ತಿಂಗಳಿನದು ಒಂದೇ. ಪರೀಕ್ಷೆ-2 ಪಾಸಾದವರು ಜೂನ್‌ನಲ್ಲಿ ಅದೇ ವರ್ಷ ಪಿಯುಸಿಗೋ ಐಟಿಐಗೋ ಸೇರಬಹುದು. ಆಮೇಲಿನ ಬಾಗಿಲಿನಿಂದ ಒಳಗೆ ಬಂದವರಿಗೆ ಸೀಟು ಉಳಿದಿದ್ದರೆ ಉಂಟು.

ಉತ್ತರ ಪತ್ರಿಕೆಯ ಪ್ರತಿ ತರಿಸಿ ಮರುಮೌಲ್ಯಮಾಪನಕ್ಕೆ ಹಾಕಬೇಕೇ ಎಂಬ ಪ್ರಶ್ನೆಗೂ ಅಂಕಪಟ್ಟಿಯಲ್ಲೇ ಉತ್ತರವಿದೆ. ಲಿಖಿತದಲ್ಲಿ ಏಳು ಬಂದವನಿಗೆ ಅದರಿಂದ ಲಾಭವಿಲ್ಲ, ದುಡ್ಡು ಹೋಗುತ್ತದೆ, ಕಾಯುತ್ತಾ ಕೂತು ದಿನವೂ ಹೋಗುತ್ತದೆ. ಒಂದೆರಡು ಅಂಕದಲ್ಲಿ ತಪ್ಪಿದವರು, ಉಳಿದೆಲ್ಲದರಲ್ಲಿ ಎಪ್ಪತ್ತು ಬಂದು ಒಂದರಲ್ಲಿ ಮಾತ್ರ ಇಪ್ಪತ್ತು ಬಂದವರು ಮೊದಲು ಸ್ಕ್ಯಾನ್ ಪ್ರತಿ ತರಿಸಿಕೊಂಡು ಮೇಷ್ಟ್ರ ಕೈಲಿ ತೋರಿಸಬೇಕು. ಯಾವುದಾದರೂ ಉತ್ತರಕ್ಕೆ ಅಂಕವೇ ಬಿದ್ದಿಲ್ಲವೇ, ಕೂಡಿಸಿದ್ದು ಸರಿಯಿದೆಯೇ ಎಂದು ನೋಡಿ ಆಮೇಲೆ ಮರುಮೌಲ್ಯಮಾಪನದ ಮಾತು. ಆದರೆ ಅದನ್ನು ನಂಬಿಕೊಂಡು ಪರೀಕ್ಷೆ-2ರ ಅರ್ಜಿಯನ್ನು ಬಿಡಬಾರದು. ಎರಡೂ ಒಟ್ಟಿಗೆ ನಡೆಯಬೇಕು.

ಒಂದಲ್ಲ, ನಾಲ್ಕೈದು ವಿಷಯ ಹೋದವರ ದಾರಿ ಬೇರೆ. 2025ರಲ್ಲಿ ಬಾಗಲಕೋಟೆಯಲ್ಲಿ ಆರಕ್ಕೆ ಆರೂ ವಿಷಯ ಫೇಲಾಗಿ 625ಕ್ಕೆ 200 ತೆಗೆದ ಮಗನಿಗೆ ತಂದೆ-ತಾಯಿ ಕೇಕ್ ಕತ್ತರಿಸಿ ತಿನ್ನಿಸಿದ ಸುದ್ದಿ ದೇಶವೆಲ್ಲ ಓಡಾಡಿತು. ಮನೆಯವರು ಆ ಸಂಜೆ ಮಗನ ಪಕ್ಕ ನಿಂತದ್ದು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ವಿಡಿಯೊ ನೋಡಿದ ಲಕ್ಷಾಂತರ ಜನರಲ್ಲಿ ಮರುದಿನ ಬೆಳಿಗ್ಗೆ ಏನು ಮಾಡಬೇಕೆಂದು ತಿಳಿದವರು ಎಷ್ಟು ಮಂದಿ? ಆರೂ ವಿಷಯವನ್ನು ಮೇ ತಿಂಗಳಿನಲ್ಲಿ ಒಟ್ಟಿಗೆ ಓದಲು ಹೊರಟರೆ ಆರೂ ಹೋಗುತ್ತವೆ. ಕನ್ನಡ, ಸಮಾಜ, ಹಿಂದಿಯಂಥ ಕೈಗೆಟುಕುವ ಎರಡು ಮೂರನ್ನು ಪರೀಕ್ಷೆ-2ರಲ್ಲಿ ಗಟ್ಟಿ ಮಾಡಿಕೊಂಡು, ಉಳಿದದ್ದನ್ನು ಪರೀಕ್ಷೆ-3ಕ್ಕೆ ಮತ್ತು ಮುಂದಿನ ಮಾರ್ಚ್‌ಗೆ ಹಂಚಿಕೊಳ್ಳುವುದು ಲೆಕ್ಕ ತಿಳಿದವರ ಕ್ರಮ. ಓದೇ ಬೇಡವೆನಿಸಿದ ಮಗುವಿಗೆ ಐಟಿಐನಲ್ಲಿ ಎಂಟನೇ ತರಗತಿಯ ಮೇಲೆ ಸೇರಿಸಿಕೊಳ್ಳುವ ವೃತ್ತಿಗಳಿವೆ. ವೈರ್‌ಮನ್ ಎರಡು ವರ್ಷದ್ದು, ವೆಲ್ಡರ್, ಪ್ಲಂಬರ್, ಕಾರ್ಪೆಂಟರ್ ಒಂದೊಂದು ವರ್ಷದವು. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಹತ್ತು ಫೇಲಾದರೆ ಐಟಿಐಯೂ ಇಲ್ಲ ಎಂದೇ ಅಂದುಕೊಂಡಿರುತ್ತಾರೆ. ಇನ್ನು ಕಡಿಮೆ ಅಂಕದಲ್ಲಿ ಪಾಸಾದವರದು ಬೇರೆ ತಾಪತ್ರಯ. ವಿಜ್ಞಾನದಲ್ಲಿ 33 ಬಂದವನನ್ನು ಸೀಟು ಸಿಕ್ಕಿತೆಂದು ಪಿಯು ವಿಜ್ಞಾನಕ್ಕೆ ಸೇರಿಸಿದರೆ ಇದೇ ಸಂಜೆ ಎರಡು ವರ್ಷದ ನಂತರ ಇನ್ನೂ ದೊಡ್ಡದಾಗಿ ಬರುತ್ತದೆ. ಕೈಕೆಲಸ ಇಷ್ಟಪಡುವವನು ಎರಡು ವರ್ಷದ ಐಟಿಐ ಮುಗಿಸಿ, ಅದರ ಮೇಲೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರ ಸೇರಬಹುದು. ಸುತ್ತು ದಾರಿಯಂತೆ ಕಂಡರೂ ಆ ಹುಡುಗನ ಪಾಲಿಗೆ ಅದೇ ಹತ್ತಿರದ್ದು.

ಹೆಣ್ಣುಮಕ್ಕಳ ಬಗ್ಗೆ ವಿಡಿಯೊ ಪ್ರತ್ಯೇಕವಾಗಿ ಒಂದು ನಿಮಿಷ ಇಡಬೇಕು. ಹದಿನಾರರ ಹುಡುಗಿ ಫೇಲಾದಳು ಎಂದರೆ ಕೆಲವು ಮನೆಗಳಲ್ಲಿ ಮುಂದಿನ ಮಾತು ಗಂಡು ನೋಡುವುದು. ಹದಿನೆಂಟರೊಳಗೆ ಮದುವೆ ಅಪರಾಧ, 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಅದಕ್ಕೂ ಸಣ್ಣದೆಂದು ಕಾಣುವ ತೊಡಕು ಬಸ್ಸಿನದು. ಪರೀಕ್ಷೆ-2ಕ್ಕೆ ಕೇಂದ್ರಗಳು ಕಡಿಮೆ, ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಯಿಂದ ತಾಲ್ಲೂಕು ಕೇಂದ್ರಕ್ಕೆ ಬೆಳಿಗ್ಗೆ ಹತ್ತರೊಳಗೆ ಮುಟ್ಟಬೇಕು. ಹುಡುಗಿಯರಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣವಿದೆ. ಹುಡುಗರ ವಿದ್ಯಾರ್ಥಿ ಪಾಸು ಆ ಹೊತ್ತಿಗೆ ಮುಗಿದಿರುತ್ತದೆ. ಯಾವ ಬಸ್ಸು, ಎಷ್ಟು ಹೊತ್ತಿಗೆ, ಹಿಂದಿನ ರಾತ್ರಿ ಪಟ್ಟಣದ ನೆಂಟರ ಮನೆಯಲ್ಲೋ ಹಾಸ್ಟೆಲಿನಲ್ಲೋ ಉಳಿಯಬೇಕೇ ಎಂಬುದು ಗಣಿತದ ಸೂತ್ರದಷ್ಟೇ ಮುಖ್ಯ.

ಇಷ್ಟೆಲ್ಲ ಲೆಕ್ಕ ಒಡೆದ ಮನಸ್ಸಿಗೆ ಆ ಸಂಜೆಯೇ ಬೇಕೇ, ಮೊದಲು ಸಾಂತ್ವನ ಬೇಡವೇ ಎಂಬ ಆಕ್ಷೇಪವೇ ಎಲ್ಲಕ್ಕಿಂತ ತೂಕದ್ದು. ಸಾಂತ್ವನ ಬೇಕು, ಆದರೆ ಅದು ಪರಿಚಿತರ ಬಾಯಿಂದ ಬರಬೇಕಾದದ್ದು. ಪರದೆಯ ಮೇಲಿನ ಅಪರಿಚಿತ ಮುಖ ಚಿಂತಿಸಬೇಡ ಎಂದರೆ ಮಗುವಿಗೆ ಅದು ತಾಗುವುದಿಲ್ಲ, ಚಿಂತೆಗೆ ಕಾರಣ ಎದುರಿಗೇ ಇದೆ. ಆ ಹೊತ್ತಿನ ಭಯದಲ್ಲಿ ದೊಡ್ಡ ಪಾಲು ಇನ್ನು ಮುಂದೆ ಏನೂ ಇಲ್ಲ ಎಂಬ ಭಾವನೆಯದು. ಇಂಥ ದಿನ ಇಂಥ ಪತ್ರಿಕೆ, ಅಷ್ಟರೊಳಗೆ ಇಷ್ಟು ಅಂಕ ಎಂಬ ಮಾತು ಆ ಭಾವನೆಗೆ ನೇರವಾಗಿ ಉತ್ತರ ಕೊಡುತ್ತದೆ. ಹಾಗೆಂದು ಎಲ್ಲ ಸಂಕಟವೂ ಮಾಹಿತಿಯಿಂದ ಕರಗುವುದಿಲ್ಲ. ಮಗು ಊಟ ಬಿಟ್ಟು ಕೋಣೆ ಸೇರಿದ್ದರೆ, ಬದುಕಿ ಏನು ಪ್ರಯೋಜನ ಎಂಬಂಥ ಮಾತಾಡಿದರೆ ಅದನ್ನು ಒಬ್ಬಂಟಿ ಬಿಡಬಾರದು, ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಬೇಕು. ಹಗಲು ರಾತ್ರಿ ಯಾವಾಗಲಾದರೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಈ ಸಂಖ್ಯೆ ವಿಡಿಯೊದ ಕೊನೆಯಲ್ಲಿ ಓಡಿಹೋಗುವ ಸಾಲಾಗಬಾರದು, ಮೊದಲಿನಿಂದ ಕೊನೆಯವರೆಗೂ ಪರದೆಯ ಮೂಲೆಯಲ್ಲಿ ನಿಂತಿರಬೇಕು.

ಅಂಥ ವಿಡಿಯೊ ಮಾಡಲು ಸ್ಟುಡಿಯೊ ಬೇಕಿಲ್ಲ. ತಾಲ್ಲೂಕಿನ ಒಬ್ಬ ಗಣಿತ ಮೇಷ್ಟ್ರು ಕಪ್ಪು ಹಲಗೆಯ ಮುಂದೆ ನಿಂತು ಎಂಟು ನಿಮಿಷ ಮಾತಾಡಿದರೆ ಸಾಕು. ಹಲಗೆಯ ಮೇಲೆ ಮೇಲಿನಂಥ ಒಂದು ಅಂಕಪಟ್ಟಿ, ಪಕ್ಕದಲ್ಲಿ ನೋಂದಣಿಯ ಕೊನೆಯ ದಿನ, ಪರೀಕ್ಷೆ ಶುರುವಾಗುವ ದಿನ, ಬಿಇಒ ಕಚೇರಿಯಲ್ಲಿ ಫೋನ್ ಎತ್ತುವವರ ಸಂಖ್ಯೆ. ಹೆಚ್ಚಿನ ಮನೆಗಳಲ್ಲಿ ಇರುವುದು ಒಂದೇ ಸ್ಮಾರ್ಟ್‌ಫೋನು, ಅದು ಅಪ್ಪನದೋ ಅಣ್ಣನದೋ ಆಗಿರುತ್ತದೆ, ಆದ್ದರಿಂದ ಮಗು ನೋಡುವ ಮೊದಲೇ ದೊಡ್ಡವರು ನೋಡಿರುತ್ತಾರೆ. ಫೈಲು ಚಿಕ್ಕದಿದ್ದು ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುವಂತಿರಬೇಕು. ಮಾತಿನ ಭಾಗವನ್ನು ಏಪ್ರಿಲ್‌ನಲ್ಲೇ ಚಿತ್ರೀಕರಿಸಿಟ್ಟು, ಫಲಿತಾಂಶದ ಬೆಳಿಗ್ಗೆ ಪರೀಕ್ಷಾ ಮಂಡಳಿ ದಿನಾಂಕ ಪ್ರಕಟಿಸಿದೊಡನೆ ಅದೊಂದನ್ನು ಸೇರಿಸಿದರೆ ಮಧ್ಯಾಹ್ನದೊಳಗೆ ಕಳಿಸಬಹುದು. ಆ ವಿಡಿಯೊ ಕೆಲಸ ಮಾಡಿತೋ ಇಲ್ಲವೋ ಎಂಬುದನ್ನು ಎಷ್ಟು ಜನ ನೋಡಿದರು ಎಂಬುದರಿಂದ ಅಳೆಯಬೇಕಿಲ್ಲ. ಮುಖ್ಯ ಶಿಕ್ಷಕರ ಬಳಿ ಫೇಲಾದವರ ಪಟ್ಟಿ ಇರುತ್ತದೆ, ನೋಂದಣಿಯಾದವರ ಪಟ್ಟಿಯೂ ಇರುತ್ತದೆ. ಕೊನೆಯ ದಿನಕ್ಕೆ ಎರಡು ದಿನ ಮುಂಚೆ ಎರಡನ್ನೂ ಪಕ್ಕಪಕ್ಕ ಇಟ್ಟು, ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಹೆಸರುಗಳಿಗೆ ಫೋನ್ ಮಾಡಬೇಕು, ಫೋನ್ ಎತ್ತದಿದ್ದರೆ ಅದೇ ಊರಿನ ಅತಿಥಿ ಶಿಕ್ಷಕರನ್ನೋ ಬಿಸಿಯೂಟದ ಅಡುಗೆಯವರನ್ನೋ ಆ ಮನೆಗೆ ಕಳಿಸಬೇಕು.